ಅಳಿಸಿ ಮತ್ತೆ ಹಾಕಿದರೂ ಆ್ಯಪ್ ಯಾಕೆ ಸರಿಹೋಗಲಿಲ್ಲ?

ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದೆ ಎಂದು ಯಾರ ಹತ್ತಿರ ಹೇಳಿಕೊಂಡರೂ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಕ್ಯಾಶ್ ಕ್ಲಿಯರ್ ಮಾಡಿ. ಡೇಟಾ ಕ್ಲಿಯರ್ ಮಾಡಿ. ತೆಗೆದು ಮತ್ತೆ ಹಾಕಿ. ಹೇಳುವವರ ಮನಸ್ಸಿನಲ್ಲಿ ಇವು ಒಂದಕ್ಕಿಂತ ಒಂದು ಜೋರಾದ ಉಪಾಯಗಳು. ಮೊದಲ ಎರಡರಿಂದ ಹೋಗದ್ದು ಮೂರನೆಯದರಿಂದ ಹೋಗಲೇಬೇಕು. ಆದರೆ ಆಂಡ್ರಾಯ್ಡ್ ಒಳಗೆ ಕೆಲಸ ನಡೆಯುವುದು ಹಾಗಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಹೋಗದ ತೊಂದರೆ ಬರೀ ಡೇಟಾ ಕ್ಲಿಯರ್ ಮಾಡಿದರೆ ಹೋಗುವುದುಂಟು. ಮತ್ತೆ ಹಾಕಿದ್ದರಿಂದಲೇ ಹೊಸ ತೊಂದರೆ ಹುಟ್ಟುವುದೂ ಉಂಟು.

ಯಾಕೆ ಹೀಗೆ ಎಂದು ತಿಳಿಯಲು ಫೋನಿನ Settings ತೆರೆದು, Apps ಒಳಗೆ ಯಾವುದಾದರೂ ಒಂದು ಆ್ಯಪ್‌ನ ಹೆಸರು ಒತ್ತಿ, Storage & cache ಎಂಬಲ್ಲಿಗೆ ಹೋಗಿ ನೋಡಿ. ಕೆಲವು ಕಂಪನಿಗಳ ಫೋನಿನಲ್ಲಿ ಅದು ಬರೀ Storage. ಅಲ್ಲಿ ಸಾಮಾನ್ಯವಾಗಿ ಮೂರು ಲೆಕ್ಕ ಬೇರೆಬೇರೆಯಾಗಿ ಕಾಣುತ್ತದೆ: ಆ್ಯಪ್‌ನ ಗಾತ್ರ, ಬಳಕೆದಾರರ ಡೇಟಾ, ಕ್ಯಾಶ್. ಒಂದು ಕಿರಾಣಿ ಅಂಗಡಿಯವರ ಫೋನನ್ನು ಕಲ್ಪಿಸಿಕೊಳ್ಳೋಣ. ಗಿರಾಕಿಗಳ ಉದ್ರಿ ಬರೆದಿಡಲು ಅವರು ಒಂದು ಚಿಕ್ಕ ಉಚಿತ ಆ್ಯಪ್ ಇಟ್ಟುಕೊಂಡಿದ್ದಾರೆ. ಆ್ಯಪ್‌ನ ಗಾತ್ರ 60 ಎಂಬಿ, ಡೇಟಾ 18 ಎಂಬಿ, ಕ್ಯಾಶ್ 240 ಎಂಬಿ. ಒಟ್ಟು 318 ಎಂಬಿ.

ಇವುಗಳಲ್ಲಿ 60 ಎಂಬಿ ಎಂಬುದು ಪ್ಲೇ ಸ್ಟೋರ್‌ನಿಂದ ಬಂದ ಪ್ರೋಗ್ರಾಂ. ಅದು ಎಲ್ಲರ ಫೋನಿನಲ್ಲೂ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಅಂಗಡಿಯವರದ್ದು ಅನ್ನುವಂಥದ್ದು ಏನೂ ಇಲ್ಲ. 18 ಎಂಬಿ ಡೇಟಾ ಇದೆಯಲ್ಲ, ಅದು ಪೂರ್ತಿ ಅವರದ್ದು: ಗಿರಾಕಿಗಳ ಹೆಸರು, ಬಾಕಿ, ಲಾಗಿನ್, ಆ್ಯಪ್‌ನಲ್ಲಿ ಅವರು ಮಾಡಿಕೊಂಡ ಸೆಟ್ಟಿಂಗ್. 240 ಎಂಬಿ ಕ್ಯಾಶ್ ಎಂದರೆ ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ನಕಲುಗಳು. ಜಾಹೀರಾತಿನ ಚಿತ್ರಗಳು, ಒಮ್ಮೆ ಇಳಿಸಿಕೊಂಡ ಪುಟಗಳು, ಫೋಟೋಗಳ ಚಿಕ್ಕ ರೂಪಗಳು. ಅಂಗಡಿಯ ಭಾಷೆಯಲ್ಲೇ ಹೇಳುವುದಾದರೆ ಕ್ಯಾಶ್ ಎಂದರೆ ಲೆಕ್ಕ ಕೂಡಿಸಲು ಗೀಚಿದ ಚೀಟಿಗಳು, ಡೇಟಾ ಎಂದರೆ ಖಾತೆ ಪುಸ್ತಕ. ಗಮನಿಸಿ, ಜಾಗ ತಿನ್ನುತ್ತಿರುವುದು ಚೀಟಿಗಳು. ಬೆಲೆ ಇರುವುದು ಪುಸ್ತಕಕ್ಕೆ.

Clear cache ಒತ್ತಿದರೆ ಆ 240 ಎಂಬಿ ಮಾತ್ರ ಹೋಗುತ್ತದೆ. ಲಾಗಿನ್ ಇರುತ್ತದೆ, ಉದ್ರಿ ಇರುತ್ತದೆ, ಆ್ಯಪ್‌ಗೆ ಕೊಟ್ಟ ಅನುಮತಿಗಳೂ ಇರುತ್ತವೆ. ಮುಂದಿನ ಸಲ ತೆರೆದಾಗ ಸ್ವಲ್ಪ ನಿಧಾನವಾಗಬಹುದು, ಚಿತ್ರಗಳನ್ನು ಮತ್ತೆ ಇಳಿಸಿಕೊಳ್ಳಲು ಸ್ವಲ್ಪ ನೆಟ್ ಖರ್ಚಾಗಬಹುದು, ಅಷ್ಟೆ. ಅದೇ ಕಾರಣಕ್ಕೆ ದಿನಾ ಕ್ಯಾಶ್ ಕ್ಲಿಯರ್ ಮಾಡುವುದರಲ್ಲಿ ಅರ್ಥವಿಲ್ಲ. ವಾರದಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿ ಆ್ಯಪ್‌ಗೂ ಇಷ್ಟು ಕ್ಯಾಶ್ ಎಂಬ ಮಿತಿಯನ್ನು ಫೋನೇ ಲೆಕ್ಕ ಹಾಕಿಕೊಂಡಿರುತ್ತದೆ; ಜಾಗ ಸಾಲದೆ ಬಂದಾಗ ಮಿತಿ ಮೀರಿದ ಆ್ಯಪ್‌ಗಳ ಕ್ಯಾಶನ್ನು ಮೊದಲು ತಾನೇ ಅಳಿಸುತ್ತದೆ. ಇನ್ನು ಫೋನ್ ಸ್ವಚ್ಛ ಮಾಡಿಕೊಡುತ್ತೇವೆಂದು ಬರುವ ಕ್ಲೀನರ್ ಆ್ಯಪ್‌ಗಳ ವಿಷಯ. ಈಗಿನ ಆಂಡ್ರಾಯ್ಡ್‌ನಲ್ಲಿ ಒಂದು ಮಾಮೂಲಿ ಆ್ಯಪ್‌ಗೆ ಇನ್ನೊಂದರ ಕ್ಯಾಶ್ ಮುಟ್ಟುವ ಹಕ್ಕೇ ಇಲ್ಲ. ಹಾಗಾಗಿ ಅವುಗಳಲ್ಲಿ ಹಲವು ಆಕ್ಸೆಸಿಬಿಲಿಟಿ ಅನುಮತಿ ಕೇಳಿ, ನಿಮ್ಮ ಬದಲು ತಾವೇ ಪರದೆಯ ಮೇಲಿನ ಬಟನ್ ಒತ್ತುತ್ತವೆ. ಪರದೆಯಲ್ಲಿ ಕಾಣುವುದನ್ನೆಲ್ಲ ಓದಬಲ್ಲ ಅನುಮತಿ ಅದು. ನೀವೇ ಒತ್ತಬಹುದಾದ ಒಂದು ಬಟನ್‌ಗೋಸ್ಕರ ಅದನ್ನು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

Clear storage (ಕೆಲವು ಫೋನುಗಳಲ್ಲಿ Clear data) ಒತ್ತಿದರೆ ಕ್ಯಾಶ್ ಜೊತೆಗೆ 18 ಎಂಬಿ ಡೇಟಾವೂ ಹೋಗುತ್ತದೆ. ಪ್ರೋಗ್ರಾಂ ಮಾತ್ರ ಇದ್ದಲ್ಲೇ ಇರುತ್ತದೆ. ಆ್ಯಪ್ ಈಗಷ್ಟೇ ಹಾಕಿದಂತೆ ಎದ್ದು ಭಾಷೆ ಯಾವುದು, ಫೋನ್ ನಂಬರ್ ಏನು ಎಂದು ಕೇಳಲು ಶುರು ಮಾಡುತ್ತದೆ. ಕ್ಯಾಮೆರಾ, ಸಂಪರ್ಕಗಳ ಪಟ್ಟಿ ಮುಂತಾದ ಅನುಮತಿಗಳನ್ನೂ ಹೊಸದಾಗಿ ಕೇಳುತ್ತದೆ. ಅನ್‌ಇನ್‌ಸ್ಟಾಲ್ ಮಾಡಿದರೆ ಇವೆಲ್ಲದರ ಜೊತೆ ಪ್ರೋಗ್ರಾಂ ಕೂಡ ಹೋಗುತ್ತದೆ, 318 ಎಂಬಿ ಪೂರ್ತಿ ಖಾಲಿ.

ಇಲ್ಲಿಯವರೆಗೆ ಊರವರ ಲೆಕ್ಕಾಚಾರವೇ ಸರಿ ಎನಿಸುತ್ತದೆ. ಅನ್‌ಇನ್‌ಸ್ಟಾಲ್‌ನಲ್ಲಿ ಹೆಚ್ಚು ಹೋಗುತ್ತದೆ, ಅಂದಮೇಲೆ ಅದೇ ಜೋರು. ವ್ಯತ್ಯಾಸ ಗೊತ್ತಾಗುವುದು ಮತ್ತೆ ಹಾಕಿದಾಗ.

2015ರ ಆಂಡ್ರಾಯ್ಡ್ 6ರಿಂದ ಫೋನಿನಲ್ಲಿ ಒಂದು ಸದ್ದಿಲ್ಲದ ಏರ್ಪಾಡಿದೆ. ಗೂಗಲ್ ಬ್ಯಾಕಪ್ ಆನ್ ಆಗಿದ್ದರೆ, ಆ್ಯಪ್ ಮಾಡಿದವರು ಬೇಡವೆಂದು ಹೇಳಿಲ್ಲದಿದ್ದರೆ, ಪ್ರತಿ ಆ್ಯಪ್‌ನ ಡೇಟಾದ ಒಂದು ಪ್ರತಿ ನಿಮ್ಮ ಗೂಗಲ್ ಖಾತೆಗೆ ಹೋಗುತ್ತದೆ. ಒಂದು ಆ್ಯಪ್‌ಗೆ 25 ಎಂಬಿ ಮಿತಿ. ಸಾಮಾನ್ಯವಾಗಿ ಫೋನ್ ಚಾರ್ಜಿಗೆ ಹಾಕಿ, ವೈಫೈಗೆ ಸೇರಿಸಿ, ಯಾರೂ ಮುಟ್ಟದೆ ಬಿಟ್ಟಾಗ, ದಿನಕ್ಕೊಮ್ಮೆಯಂತೆ ಇದು ನಡೆಯುತ್ತದೆ. ಕ್ಯಾಶ್ ಇದರಲ್ಲಿ ಸೇರುವುದಿಲ್ಲ. ಆ ಪ್ರತಿ ವಾಪಸ್ ಬರುವುದು ಯಾವಾಗ? ಆ್ಯಪ್ ಇನ್‌ಸ್ಟಾಲ್ ಆದಾಗ, ಅದನ್ನು ನೀವು ಮೊದಲ ಸಲ ತೆರೆಯುವ ಮುಂಚೆ. ಡೇಟಾ ಕ್ಲಿಯರ್ ಮಾಡಿದಾಗ ಬರುವುದಿಲ್ಲ, ಯಾಕೆಂದರೆ ಅಲ್ಲಿ ಇನ್‌ಸ್ಟಾಲ್ ಎಂಬುದು ನಡೆಯುವುದೇ ಇಲ್ಲ. ಎರಡಕ್ಕೂ ಇರುವ ನಿಜವಾದ ಅಂತರ ಇದು. ಮೊಬೈಲ್ ಅಂಗಡಿಗಳಲ್ಲಿ ಇದನ್ನು ಹೇಳುವವರನ್ನು ನಾನು ಕಂಡಿದ್ದು ಕಡಿಮೆ.

ಈಗ ನಮ್ಮ ಅಂಗಡಿಯವರ ಆ್ಯಪ್ ಒಂದು ಬೆಳಿಗ್ಗೆ ಕೆಟ್ಟಿತು ಎಂದಿಟ್ಟುಕೊಳ್ಳಿ. ಐಕಾನ್ ಒತ್ತಿದರೆ ಒಂದು ಕ್ಷಣ ಬಿಳಿ ಪರದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಅವರು ಮೊದಲು Force stop ಒತ್ತಿದರು. ಅದು ಯಾವುದನ್ನೂ ಅಳಿಸುವುದಿಲ್ಲ, ಓಡುತ್ತಿರುವುದನ್ನು ನಿಲ್ಲಿಸುತ್ತದೆ ಅಷ್ಟೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಇಲ್ಲಿ ಆಗಲಿಲ್ಲ. ಕ್ಯಾಶ್ ಕ್ಲಿಯರ್ ಮಾಡಿದರು, 240 ಎಂಬಿ ಸೊನ್ನೆಯಾಯಿತು, ತೊಂದರೆ ಇದ್ದಂತೆಯೇ ಇತ್ತು. ಅರ್ಧ ಇಳಿದು ಕೆಟ್ಟುಹೋದ ಚಿತ್ರವೋ ಪುಟವೋ ಕಾರಣವಾಗಿದ್ದರೆ ಈ ಹಂತದಲ್ಲೇ ಆ್ಯಪ್ ತೆರೆದುಕೊಳ್ಳಬೇಕಿತ್ತು. ತೆರೆಯಲಿಲ್ಲ ಅಂದರೆ ದೋಷ ಕ್ಯಾಶ್‌ನಲ್ಲಿಲ್ಲ. ಡೇಟಾದಲ್ಲಿದೆ, ಇಲ್ಲವೇ ಪ್ರೋಗ್ರಾಂನಲ್ಲಿದೆ, ಇಲ್ಲವೇ ಎರಡರ ಆಚೆ ಎಲ್ಲೋ ಇದೆ.

ಪಕ್ಕದವರು ಹೇಳಿದಂತೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರು. ಮತ್ತದೇ ಬಿಳಿ ಪರದೆ. ಫೋನೇ ಹಾಳಾಗಿದೆ ಎಂದು ಎಲ್ಲರೂ ತೀರ್ಮಾನಿಸುವ ಹೊತ್ತಿದು. ನಿಜದಲ್ಲಿ ನಡೆದದ್ದು ಇಷ್ಟು: ಡೇಟಾದ ಒಳಗಿನ ಒಂದು ಸೆಟ್ಟಿಂಗ್ ಫೈಲ್ ಕೆಟ್ಟಿತ್ತು. ಹಿಂದಿನ ರಾತ್ರಿ ಅದು ಕೆಟ್ಟ ಸ್ಥಿತಿಯಲ್ಲೇ ಬ್ಯಾಕಪ್‌ಗೆ ಹೋಗಿತ್ತು. ಮತ್ತೆ ಹಾಕಿದ ಕೂಡಲೇ ಅದೇ ಫೈಲ್ ಅಷ್ಟೇ ನಿಷ್ಠೆಯಿಂದ ವಾಪಸ್ ಬಂತು. ಹೀಗೆ ಆಗಿದೆಯೇ ಎಂದು ಗುರುತಿಸುವುದು ಕಷ್ಟವಲ್ಲ. ಹೊಸದಾಗಿ ಹಾಕಿದ ಆ್ಯಪ್ ಭಾಷೆಯನ್ನೋ ನಂಬರನ್ನೋ ಕೇಳದೆ ನೇರ ಹಳೆಯ ಪರದೆಗೆ ಹೋದರೆ, ಅಥವಾ ಒಮ್ಮೆಯೂ ತೆರೆಯುವ ಮುಂಚೆಯೇ ಅದರ ಡೇಟಾ ಲೆಕ್ಕ 18 ಎಂಬಿ ತೋರಿಸಿದರೆ, ಹಳೆಯದು ಮರಳಿ ಬಂದಿದೆ ಎಂದೇ ಅರ್ಥ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ಕೆಲವು ಆ್ಯಪ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನು ಗೂಢಲಿಪಿಯಲ್ಲಿ ಬರೆದಿಡುತ್ತವೆ. ಅದನ್ನು ಬಿಡಿಸುವ ಕೀ ಫೋನಿನ ಭದ್ರ ಜಾಗದಲ್ಲಿರುತ್ತದೆ, ಬ್ಯಾಕಪ್‌ಗೆ ಎಂದೂ ಹೋಗುವುದಿಲ್ಲ. ಆ್ಯಪ್ ತೆಗೆದರೆ ಆ ಕೀ ಕೂಡ ಅಳಿದುಹೋಗುತ್ತದೆ. ಮತ್ತೆ ಹಾಕಿದಾಗ ಬೀಗ ಹಾಕಿದ ಫೈಲ್ ಮಾತ್ರ ಬ್ಯಾಕಪ್‌ನಿಂದ ಬರುತ್ತದೆ, ತೆಗೆಯುವ ಕೀ ಇಲ್ಲ. ಇದನ್ನು ಮೊದಲೇ ಯೋಚಿಸಿ ಬರೆಯದ ಆ್ಯಪ್ ಅಲ್ಲೇ ಕುಸಿಯುತ್ತದೆ. ಅಂದರೆ ನೆಟ್ಟಗಿದ್ದ ಆ್ಯಪ್ ತೆಗೆದು ಹಾಕಿದ್ದರಿಂದಲೇ ಕೆಟ್ಟಿತು. ಇಂಥ ಕಡೆ ಹತ್ತು ಸಲ ಅನ್‌ಇನ್‌ಸ್ಟಾಲ್ ಮಾಡಿದರೂ ಫಲ ಅದೇ, ಒಂದು ಸಲ Clear storage ಒತ್ತಿದರೆ ಸರಿ. ಆ್ಯಪ್ ಬರೆಯುವ ಎಂಜಿನಿಯರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ತಲೆನೋವು. ಬಳಸುವವರಿಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ಅಂಗಡಿಯವರಿಗೆ ವಾಪಸ್ ಬರೋಣ. ಅವರು Clear storage ಒತ್ತಿದರೆ ಆ್ಯಪ್ ತೆರೆಯುತ್ತದೆ, ಸ್ವಾಗತ ಪರದೆ ಬರುತ್ತದೆ, ಖಾತೆ ಪುಸ್ತಕ ಖಾಲಿ. ದೋಷ ಡೇಟಾದಲ್ಲಿತ್ತು ಎಂಬುದು ಖಾತ್ರಿಯಾಯಿತು, ಆದರೆ ಉದ್ರಿ ಕೈಬಿಟ್ಟಿತು. ಆ ಉದ್ರಿಯ ಒಂದು ಪ್ರತಿ ಗೂಗಲ್ ಖಾತೆಯಲ್ಲಿ ಇನ್ನೂ ಇದೆ, ದೋಷವನ್ನೂ ಹೊತ್ತುಕೊಂಡು. ಅದು ಎಷ್ಟು ಹೊತ್ತು ಇರುತ್ತದೆ ಎಂಬುದೇ ಪ್ರಶ್ನೆ. ಮುಂದಿನ ಬ್ಯಾಕಪ್ ನಡೆದಾಗ ಈ ಖಾಲಿ ಪುಸ್ತಕವೇ ಹೋಗಿ ಹಳೆಯದರ ಜಾಗದಲ್ಲಿ ಕೂರಬಹುದು. ಫೋನ್ ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ.

ಹಾಗಾದರೆ ಅವರು ಮಾಡಬೇಕಿದ್ದದ್ದು ಏನು? ಡೇಟಾ ಮುಟ್ಟುವ ಮೊದಲು ಪ್ಲೇ ಸ್ಟೋರ್‌ಗೆ ಹೋಗಿ ಆ ಆ್ಯಪ್‌ಗೆ ಅಪ್‌ಡೇಟ್ ಬಂದಿದೆಯೇ ನೋಡಬೇಕಿತ್ತು. ಅಪ್‌ಡೇಟ್ ಹಾಕಿದರೆ ಪ್ರೋಗ್ರಾಂ ಮಾತ್ರ ಬದಲಾಗುತ್ತದೆ, ಡೇಟಾ ಇದ್ದಲ್ಲೇ ಇರುತ್ತದೆ. ಕೆಟ್ಟ ಫೈಲನ್ನು ಸಹಿಸಿಕೊಳ್ಳುವಂತೆ ಹೊಸ ಆವೃತ್ತಿಯಲ್ಲಿ ತಿದ್ದಿದ್ದರೆ ಆ್ಯಪ್ ತಾನೇ ಎದ್ದು ಕೂರುತ್ತದೆ, ಉದ್ರಿಯ ಒಂದು ಸಾಲೂ ಹೋಗುವುದಿಲ್ಲ. ಅಪ್‌ಡೇಟ್ ಇಲ್ಲದಿದ್ದರೆ ಪ್ಲೇ ಸ್ಟೋರ್ ಪುಟದಲ್ಲಿರುವ ಇಮೇಲ್‌ಗೆ ಬರೆದು ಎರಡು ದಿನ ಕಾಯುವುದು, ಅಷ್ಟರವರೆಗೆ ಉದ್ರಿ ಕಾಗದದಲ್ಲಿ ಬರೆಯುವುದು. ಕೇಳಲು ಸಪ್ಪೆಯಾದ ಸಲಹೆ. ಆದರೆ ಡೇಟಾ ಇರುವ ಆ ಫೋಲ್ಡರ್ /data/data ಎಂಬ ಜಾಗದಲ್ಲಿದೆ, ಅದನ್ನು ಫೋನಿನ ಮಾಲೀಕರು ಕೂಡ ತೆರೆದು ನಕಲು ಮಾಡಿಕೊಳ್ಳಲಾರರು. ರಿಪೇರಿಯವರು ರೂಟ್ ಮಾಡಿ ತೆಗೆದುಕೊಡುತ್ತೇವೆಂದರೆ, ಅದಕ್ಕೆ ಸಾಮಾನ್ಯವಾಗಿ ಬೂಟ್‌ಲೋಡರ್ ಬಿಚ್ಚಬೇಕು; ಬಿಚ್ಚಿದ ಕೂಡಲೇ ಫೋನಿನ ಡೇಟಾ ಪೂರ್ತಿ ಅಳಿಯುತ್ತದೆ. ಹಾಗಾಗಿ ಕಾಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬ್ಯಾಕಪ್ ಇದ್ದೇ ಇರುತ್ತದೆ ಎಂದು ನಂಬಿ ಕೂರುವುದೂ ತಪ್ಪು. Settings ಒಳಗೆ Google, ಅದರೊಳಗೆ Backup ಎಂಬಲ್ಲಿ ಆ್ಯಪ್‌ಗಳ ಡೇಟಾ ಕೊನೆಯ ಸಲ ಯಾವಾಗ ಹೋಯಿತು ಎಂದು ನೋಡಬಹುದು. ಆ ಪಟ್ಟಿಯಲ್ಲಿ ನಿಮಗೆ ಬೇಕಾದ ಆ್ಯಪ್ ಇಲ್ಲದಿರಬಹುದು, ಬ್ಯಾಂಕ್ ಆ್ಯಪ್‌ಗಳಲ್ಲಿ ಅನೇಕವು ಬೇಕೆಂದೇ ಹೊರಗುಳಿದಿರುತ್ತವೆ. 25 ಎಂಬಿ ಮಿತಿಯೂ ಮೋಸ ಮಾಡಬಹುದು. ಅಂಗಡಿಯವರು ಉದ್ರಿಯ ಜೊತೆ ಬಿಲ್ಲಿನ ಫೋಟೋಗಳನ್ನೂ ಸೇರಿಸುತ್ತಾ ಹೋಗಿ ಡೇಟಾ 25 ದಾಟಿದ್ದರೆ, ಅಂದಿನಿಂದ ಹೊಸ ಪ್ರತಿ ಹೋಗುವುದು ನಿಂತಿರುತ್ತದೆ, ಯಾರೂ ಎಚ್ಚರಿಸುವುದಿಲ್ಲ. ಆ್ಯಪ್ ಮತ್ತೆ ಹಾಕಿದಾಗ ಉಗಾದಿಯ ಹೊತ್ತಿನ ಬಾಕಿ ದೀಪಾವಳಿಯಲ್ಲಿ ಕಾಣಿಸಿಕೊಂಡರೆ ಕಾರಣ ಇದೇ. ಎಕ್ಸ್‌ಪೋರ್ಟ್ ಸೌಲಭ್ಯ ಕೊಡುವ ಆ್ಯಪ್ ಆಗಿದ್ದರೆ, ಅದು ಚೆನ್ನಾಗಿ ಓಡುತ್ತಿರುವಾಗಲೇ ತಿಂಗಳಿಗೊಮ್ಮೆ ಆ ಫೈಲನ್ನು Download ಫೋಲ್ಡರ್‌ಗೋ ಇಮೇಲ್‌ಗೋ ಹಾಕಿಡಿ. Download, ಗ್ಯಾಲರಿಯ ಫೋಟೋಗಳು, ಇವು ಎಲ್ಲರಿಗೂ ಸೇರಿದ ಜಾಗದಲ್ಲಿರುವುದರಿಂದ ಆ್ಯಪ್ ತೆಗೆದರೂ ಉಳಿಯುತ್ತವೆ.

ವಾಟ್ಸಾಪ್ ವಿಷಯ ಇದರಿಂದ ಬೇರೆ. ಅದರ ಸಂದೇಶಗಳು ಕಂಪನಿಯ ಸರ್ವರ್‌ನಲ್ಲಿ ಕೂಡಿಟ್ಟಿರುವುದಿಲ್ಲ, ನಿಮ್ಮ ಫೋನಿನ ಡೇಟಾದಲ್ಲೇ ಇರುತ್ತವೆ. ಬ್ಯಾಕಪ್‌ಗೆ ಅದು ತನ್ನದೇ ವ್ಯವಸ್ಥೆ ಮಾಡಿಕೊಂಡಿದೆ. ಫೋನಿನಲ್ಲೇ ಉಳಿಯುವ ದಿನದ ಬ್ಯಾಕಪ್ ಮತ್ತು ಫೋಟೋಗಳು Android/media/com.whatsapp ಎಂಬ ಫೋಲ್ಡರ್‌ನಲ್ಲಿರುತ್ತವೆ. ಹೆಸರು ನೋಡಿ ಇದು ಹೊರಗಿನ, ಸುರಕ್ಷಿತ ಜಾಗ ಎಂದು ಭ್ರಮಿಸುವವರಿದ್ದಾರೆ. ಡೇಟಾ ಕ್ಲಿಯರ್ ಮಾಡಿದರೆ ಈ ಫೋಲ್ಡರ್ ಕೂಡ ಹೋಗಬಹುದು, ಅನ್‌ಇನ್‌ಸ್ಟಾಲ್‌ನಲ್ಲೂ ಹೋಗಬಹುದು. ಆದ್ದರಿಂದ ಮೊದಲು ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ಚಾಟ್ ಬ್ಯಾಕಪ್‌ಗೆ ಹೋಗಿ, ಕೈಯಾರೆ ಒತ್ತಿ, ಗೂಗಲ್ ಖಾತೆಗೆ ಹೋಗಿದ್ದರ ಸಮಯ ನೋಡಿ, ಆಮೇಲೆ ಮುಂದಿನ ಮಾತು. ಅದು ತೆರೆಯುತ್ತಲೇ ಇಲ್ಲವೆಂದರೆ ಆ ಫೋಲ್ಡರನ್ನು ಪೂರ್ತಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಜಾಗಕ್ಕಾಗಿ ವಾಟ್ಸಾಪ್ ತೆಗೆದು ಹಾಕುವವರಿಗಂತೂ ಒಂದೇ ಮಾತು: ಅಲ್ಲಿ ಜಾಗ ತಿನ್ನುವುದು ಕ್ಯಾಶ್ ಅಲ್ಲ, ಗುಂಪುಗಳಿಂದ ಬಂದ ವೀಡಿಯೊಗಳು. ಅವನ್ನು ವಾಟ್ಸಾಪ್ ಒಳಗಿನ ಸ್ಟೋರೇಜ್ ಪುಟದಲ್ಲೇ ಆರಿಸಿ ಅಳಿಸಬಹುದು.

ಯುಪಿಐ ಆ್ಯಪ್‌ಗಳಲ್ಲಿ ಡೇಟಾ ಕ್ಲಿಯರ್ ಮತ್ತು ಅನ್‌ಇನ್‌ಸ್ಟಾಲ್ ಹೆಚ್ಚುಕಡಿಮೆ ಒಂದೇ. ಬ್ಯಾಂಕ್ ಖಾತೆಗೆ ಏನೂ ಆಗುವುದಿಲ್ಲ, ಯುಪಿಐ ಪಿನ್ ಫೋನಿನಲ್ಲಿ ಇರುವುದೂ ಇಲ್ಲ. ಮತ್ತೆ ಶುರು ಮಾಡುವಾಗ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಒಂದು ಎಸ್ಎಂಎಸ್ ಹೋಗಬೇಕು. ಕರೆನ್ಸಿ ಮುಗಿದ ಸಿಮ್ ಆದರೆ ಅಲ್ಲೇ ನಿಲ್ಲುತ್ತದೆ. ಸಂತೆಯ ದಿನ ಬೆಳಿಗ್ಗೆ ಈ ಕೆಲಸಕ್ಕೆ ಕೈಹಾಕಬೇಡಿ. ಯುಪಿಐ ಲೈಟ್‌ನಲ್ಲಿ ಹಣ ಹಾಕಿಟ್ಟಿದ್ದರೆ ಮೊದಲು ಲೈಟ್ ಮುಚ್ಚಿ, ಹಣವನ್ನು ಖಾತೆಗೆ ವಾಪಸ್ ತಂದುಕೊಂಡು ಆಮೇಲೆ ಅಳಿಸಿ. ಒಟಿಪಿ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಇನ್ನೂ ಹುಷಾರು. ಗೂಗಲ್ ಅಥೆಂಟಿಕೇಟರ್‌ಗೆ ಖಾತೆಯಲ್ಲಿ ಉಳಿಸುವ ಸೌಲಭ್ಯ ಬಂದದ್ದು 2023ರಲ್ಲಿ. ಅದನ್ನು ಆನ್ ಮಾಡದವರು ಡೇಟಾ ಅಳಿಸಿದರೆ ಎಲ್ಲ ಖಾತೆಗಳ ಬಾಗಿಲೂ ಒಟ್ಟಿಗೆ ಮುಚ್ಚುತ್ತದೆ.

ದೋಷ ಡೇಟಾದಲ್ಲೂ ಪ್ರೋಗ್ರಾಂನಲ್ಲೂ ಇಲ್ಲದೆ ಎರಡರ ಆಚೆ ಇರಬಹುದು ಎಂದೆನಲ್ಲ. ಅದಕ್ಕೊಂದು ದೊಡ್ಡ ಉದಾಹರಣೆ 2021ರ ಮಾರ್ಚ್‌ನಲ್ಲಿ ನಡೆಯಿತು. ಜಗತ್ತಿನ ಅನೇಕ ಕಡೆ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿ ಹಲವು ಆ್ಯಪ್‌ಗಳು ಒಂದೇ ದಿನ ಕುಸಿಯತೊಡಗಿದವು. ಜನ ಜಿಮೇಲ್ ಕ್ಯಾಶ್ ಅಳಿಸಿದರು, ಡೇಟಾ ಅಳಿಸಿದರು, ಏನೂ ಆಗಲಿಲ್ಲ. ಕೆಟ್ಟಿದ್ದು Android System WebView ಎಂಬ ಬೇರೊಂದು ಭಾಗ. ಆ್ಯಪ್‌ಗಳು ತಮ್ಮೊಳಗೆ ವೆಬ್ ಪುಟ ತೋರಿಸಲು ಎಲ್ಲವೂ ಅದನ್ನೇ ಬಳಸುತ್ತವೆ, ಅದರ ಅಪ್‌ಡೇಟ್‌ನಲ್ಲಿ ದೋಷವಿತ್ತು. ಗೂಗಲ್ ತಿದ್ದಿದ ಆವೃತ್ತಿ ಬಿಡುವವರೆಗೆ ಉಪಾಯ ಒಂದೇ: ಆ ಭಾಗದ ಪುಟಕ್ಕೆ ಹೋಗಿ Uninstall updates ಒತ್ತುವುದು. ಫೋನಿನ ಜೊತೆಗೇ ಬರುವ ಇಂಥ ಆ್ಯಪ್‌ಗಳನ್ನು ಪೂರ್ತಿ ತೆಗೆಯಲು ಬರುವುದಿಲ್ಲ. ಅಪ್‌ಡೇಟ್ ತೆಗೆದರೆ ಫೋನ್ ಕೊಂಡಾಗಿನ ಆವೃತ್ತಿಗೆ ಹಿಂದಿರುಗುತ್ತವೆ. ಒಂದೇ ಹೊತ್ತಿಗೆ ಎರಡು ಮೂರು ಬೇರೆಬೇರೆ ಆ್ಯಪ್‌ಗಳು ಕೆಟ್ಟರೆ, ಅವುಗಳ ಡೇಟಾ ಮುಟ್ಟದೆ ಸುಮ್ಮನಿರುವುದು ಲೇಸು.

ಬರೀ ಜಾಗ ಬೇಕೆಂದು ಆ್ಯಪ್ ತೆಗೆಯುವವರಿಗೆ ಈಗ ಇನ್ನೊಂದು ದಾರಿ ಬಂದಿದೆ. ಆಂಡ್ರಾಯ್ಡ್ 15ರ ಫೋನುಗಳಲ್ಲಿ Uninstall ಬಟನ್‌ನ ಪಕ್ಕದಲ್ಲೇ Archive ಎಂದೊಂದು ಕಾಣಬಹುದು. ಅದು Clear storage ಮಾಡುವುದಕ್ಕೆ ಸರಿಯಾಗಿ ತಿರುಗುಮುರುಗು: ಪ್ರೋಗ್ರಾಂ ಮತ್ತು ಕ್ಯಾಶ್ ಹೋಗುತ್ತವೆ, ಡೇಟಾ ಉಳಿಯುತ್ತದೆ. ನಮ್ಮ ಉದ್ರಿ ಆ್ಯಪ್‌ನಲ್ಲಾದರೆ 318ರಲ್ಲಿ ಸುಮಾರು 300 ಎಂಬಿ ಖಾಲಿಯಾಗಿ 18 ಉಳಿಯುತ್ತದೆ. ಐಕಾನ್ ಮಸುಕಾಗಿ ಅಲ್ಲೇ ಇರುತ್ತದೆ, ಒತ್ತಿದರೆ ಪ್ರೋಗ್ರಾಂ ಮತ್ತೆ ಇಳಿದು ಲೆಕ್ಕ ನಿಂತಲ್ಲಿಂದ ಮುಂದುವರಿಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಪ್ರವಾಸದ, ಪರೀಕ್ಷೆಯ ಆ್ಯಪ್‌ಗಳಿಗೆ ಇದು ಒಳ್ಳೆಯದು. ಆದರೆ ಕೆಟ್ಟ ಆ್ಯಪ್ ರಿಪೇರಿಗೆ ಇದರಿಂದ ಪ್ರಯೋಜನ ಕಡಿಮೆ, ಕೆಟ್ಟ ಡೇಟಾ ಹಾಗೇ ಕಾದು ಕೂತಿರುತ್ತದೆ.

ಇನ್ನೊಂದು, ದುಡ್ಡಿನ ವಿಷಯ. ಆ್ಯಪ್ ತೆಗೆದರೆ ಅದರ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಮೂಲಕ ತಿಂಗಳಿಗಿಷ್ಟು ಎಂದು ಒಪ್ಪಿಕೊಂಡಿದ್ದರೆ, ಫೋನಿನಲ್ಲಿ ಆ್ಯಪ್‌ನ ಗುರುತೇ ಇಲ್ಲದಿದ್ದರೂ ಹಣ ಕಡಿತವಾಗುತ್ತಲೇ ಇರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಮೇಲ್ಗಡೆ ನಿಮ್ಮ ಚಿತ್ರ ಒತ್ತಿ, Payments & subscriptions ಒಳಗೆ Subscriptions ತೆರೆದು ಅಲ್ಲಿಯೇ ರದ್ದು ಮಾಡಬೇಕು.